ಯಾರ ವರ್ತನೆ, ಯಾವ ವರ್ತನೆ: ಋಣಾತ್ಮಕ ಪುನರ್ಬಲನದ ಪ್ರಶ್ನೆಯಲ್ಲಿ ನಾನು ತಪ್ಪಿದ್ದು

ಹಾಸನದ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ನಾನು ಶೈಕ್ಷಣಿಕ ಮನೋವಿಜ್ಞಾನವನ್ನು ಬೋಧಿಸುತ್ತೇನೆ. ಟಿಇಟಿ ಬರೆಯುವವರಿಗಾಗಿ ಭಾನುವಾರ ಮಾದರಿ ಪರೀಕ್ಷೆ ನಡೆಸಿ, ಉತ್ತರಗಳನ್ನು ಅವರೊಂದಿಗೆ ಕುಳಿತು ಚರ್ಚಿಸುವುದು ನಮ್ಮಲ್ಲಿ ರೂಢಿ. ಅಂಥ ಒಂದು ಪರೀಕ್ಷೆಗೆ ನಾನೇ ಬರೆದ ಪ್ರಶ್ನೆ ಹೀಗಿತ್ತು: ‘ಶಿಕ್ಷಕಿ ಮೇಜು ಕುಟ್ಟಿದ ಕೂಡಲೇ ತರಗತಿಯ ಗದ್ದಲ ನಿಲ್ಲುತ್ತದೆ. ಹೀಗಾಗಿ ಅವರು ದಿನ ಕಳೆದಂತೆ ಹೆಚ್ಚು ಹೆಚ್ಚು ಮೇಜು ಕುಟ್ಟತೊಡಗುತ್ತಾರೆ. ಇದು ಯಾವುದಕ್ಕೆ ಉದಾಹರಣೆ?’ ನನ್ನ ಉತ್ತರಸೂಚಿಯಲ್ಲಿ ‘ಶಿಕ್ಷೆ’ ಎಂದಿತ್ತು.

ಋಣಾತ್ಮಕ ಪುನರ್ಬಲನ ಎಂದು ಬರೆದಿದ್ದ ಒಬ್ಬ ವಿದ್ಯಾರ್ಥಿನಿ ಉತ್ತರಪತ್ರಿಕೆ ಹಿಡಿದು ನನ್ನ ಮೇಜಿನ ಬಳಿ ಬಂದು, “ಮೇಡಂ, ಇಲ್ಲಿ ಹೆಚ್ಚಾಗಿರುವುದು ಶಿಕ್ಷಕಿ ಮೇಜು ಕುಟ್ಟುವುದಲ್ಲವೇ? ಹೆಚ್ಚಾದ ವರ್ತನೆಯನ್ನು ಶಿಕ್ಷೆ ಎನ್ನುವುದು ಹೇಗೆ?” ಎಂದು ಕೇಳಿದರು. ನಾನು ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. ಅವರ ಮಾತೇ ಸರಿಯಾಗಿತ್ತು. ಮೇಜು ಕುಟ್ಟುವುದು ಕಠೋರವಾಗಿ ಕಾಣುವುದರಿಂದ ನಾನು ಮಕ್ಕಳ ಕಡೆಗೆ ನೋಡಿ ‘ಶಿಕ್ಷೆ’ ಎಂದು ಬರೆದಿದ್ದೆ. ಪ್ರಶ್ನೆಯ ಎರಡನೆಯ ವಾಕ್ಯವಾದರೋ ಮಕ್ಕಳ ವರ್ತನೆಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಅದು ಶಿಕ್ಷಕಿಯ ವರ್ತನೆಯನ್ನು ಹೇಳುತ್ತಿತ್ತು. ಅವರು ಕುಟ್ಟಿದರು, ಕಿರಿಕಿರಿಯ ಗದ್ದಲ ಇಲ್ಲವಾಯಿತು, ಆದ್ದರಿಂದ ಕುಟ್ಟುವುದು ಬಲಗೊಂಡಿತು. ಹೀಗೆ ಬೇಡದ್ದೊಂದು ಇಲ್ಲವಾದುದರಿಂದ ವರ್ತನೆ ಬಲಗೊಳ್ಳುವುದೇ ಋಣಾತ್ಮಕ ಪುನರ್ಬಲನ.

ಆ ದಿನದ ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಹಾಗಾದರೆ ಮಕ್ಕಳ ದೃಷ್ಟಿಯಿಂದ ಅದು ಶಿಕ್ಷೆಯಾದರೂ ಆಯಿತೇ ಎಂದು ಇನ್ನೊಬ್ಬರು ಕೇಳಿದರು. ಶಿಕ್ಷೆ ಎನ್ನಬೇಕಾದರೆ ಗದ್ದಲ ಮುಂದಿನ ದಿನಗಳಲ್ಲಿ ಕಡಿಮೆಯಾಗಿರಬೇಕು. ಆ ಕ್ಷಣಕ್ಕೆ ನಿಂತರೆ ಸಾಲದು. ಶಿಕ್ಷಕಿ ದಿನೇ ದಿನೇ ಹೆಚ್ಚು ಕುಟ್ಟಬೇಕಾಗಿ ಬಂದಿದೆ ಎಂದರೆ ಗದ್ದಲ ಮತ್ತೆ ಮತ್ತೆ ಏಳುತ್ತಿದೆ ಎಂದೇ ಅರ್ಥ. ಆದ್ದರಿಂದ ಅದು ಮಕ್ಕಳ ಪಾಲಿಗೂ ಶಿಕ್ಷೆ ಎನ್ನಲು ಪ್ರಶ್ನೆಯಲ್ಲಿ ಆಧಾರವಿರಲಿಲ್ಲ. ಕಲಿಕೆಯ ಸಿದ್ಧಾಂತದಲ್ಲಿ ಶಿಕ್ಷೆ ಎಂಬ ಹೆಸರು ಶಿಕ್ಷೆ ಕೊಡುವವರ ಉದ್ದೇಶದಿಂದಾಗಲಿ, ಕೋಪದಿಂದಾಗಲಿ ಬರುವುದಿಲ್ಲ. ವರ್ತನೆಗೆ ಮುಂದೆ ಏನಾಯಿತು ಎಂಬುದರಿಂದ ಮಾತ್ರ ಬರುತ್ತದೆ. ಹಿಂದಿನ ಬೆಂಚಿನ ಹುಡುಗನನ್ನು ಎಲ್ಲರೆದುರು ಬೈದ ಮೇಲೆ ಅವನ ಕೀಟಲೆ ಇನ್ನೂ ಹೆಚ್ಚಾದರೆ, ನಾವು ಶಿಕ್ಷೆ ಎಂದುಕೊಂಡ ಬೈಗುಳ ಅವನಿಗೆ ಧನಾತ್ಮಕ ಪುನರ್ಬಲನವಾಗಿ ಒದಗಿದೆ, ಏಕೆಂದರೆ ಇಡೀ ತರಗತಿಯ ಗಮನ ಅವನಿಗೆ ಸಿಕ್ಕಿದೆ.

ಅಂದಿನಿಂದ ನಾನು ಪ್ರಶ್ನೆಯನ್ನು ಒಂದು ಕ್ರಮದಲ್ಲಿ ಓದಿಸುತ್ತೇನೆ. ಯಾರ ಯಾವ ವರ್ತನೆ ಎಂಬುದನ್ನು ಮೊದಲು ಕ್ರಿಯಾಪದದ ಕೆಳಗೆ ಗೆರೆ ಎಳೆದು ಗುರುತಿಸಬೇಕು. ಅದು ಹೆಚ್ಚಿತೋ ಕಡಿಮೆಯಾಯಿತೋ ಎಂಬುದನ್ನು ಆಮೇಲೆ ನೋಡಬೇಕು. ಹೆಚ್ಚಿದ್ದರೆ ಪುನರ್ಬಲನ, ಕಡಿಮೆಯಾಗಿದ್ದರೆ ಶಿಕ್ಷೆ. ವರ್ತನೆಯ ನಂತರ ಏನಾದರೂ ಸೇರಿತೋ, ಇದ್ದದ್ದು ಹೋಯಿತೋ ಎಂಬ ಪ್ರಶ್ನೆ ಕೊನೆಯದು. ಧನ, ಋಣ ಎಂಬ ವಿಶೇಷಣಗಳನ್ನು ತೀರ್ಮಾನಿಸುವುದು ಅದೊಂದೇ. ಕೆಲವು ಕನ್ನಡ ಪುಸ್ತಕಗಳು ಬಳಸುವ ‘ನಕಾರಾತ್ಮಕ’ ಎಂಬ ಪದ ಇಲ್ಲಿ ದಾರಿ ತಪ್ಪಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಅದನ್ನು ಕೇಳಿದೊಡನೆ ಕೆಟ್ಟದ್ದು ಎಂಬ ಭಾವನೆ ಮೂಡುತ್ತದೆ. ‘ಋಣ’ ಎಂದರೆ ಗಣಿತದ ಕಳೆಯುವ ಗುರುತು ನೆನಪಾಗುತ್ತದೆ, ಬೇಕಾದದ್ದೂ ಅದೇ. ಆಟದ ಅವಧಿಯನ್ನು ಕಸಿದುಕೊಂಡದ್ದರಿಂದ ತಡವಾಗಿ ಬರುವುದು ಕಡಿಮೆಯಾದರೆ ಅದು ಋಣಾತ್ಮಕ ಶಿಕ್ಷೆ. ಅಲ್ಲಿಯೂ ಕಳೆಯುವಿಕೆ ಇದೆ, ಆದರೆ ವರ್ತನೆ ಕುಗ್ಗಿದೆ.

ಗೊಂದಲ ವಿದ್ಯಾರ್ಥಿಗಳಿಗೆ ಮಾತ್ರ ಸೇರಿದ್ದಲ್ಲ. ಈ ಪರಿಕಲ್ಪನೆಗಳನ್ನು ರೂಪಿಸಿದ ಮನೋವಿಜ್ಞಾನಿ ಸ್ಕಿನ್ನರ್ ಸ್ವತಃ 1938ರ ತಮ್ಮ ಪುಸ್ತಕದಲ್ಲಿ ‘ಋಣಾತ್ಮಕ ಪುನರ್ಬಲನ’ ಎಂಬುದನ್ನು ನಾವು ಇಂದು ಶಿಕ್ಷೆ ಎನ್ನುವ ಅರ್ಥಕ್ಕೆ ಹತ್ತಿರವಾಗಿ ಬಳಸಿದ್ದರು. 1953ರ ಪುಸ್ತಕದ ಹೊತ್ತಿಗೆ ಆ ಪದಕ್ಕೆ ಈಗಿನ ಅರ್ಥ ಬಂದಿತ್ತು.

ಇಷ್ಟೆಲ್ಲ ಕಾರ್ಯಸಾಧಕ ಅನುಬಂಧನದೊಳಗಿನ, ಅಂದರೆ ವರ್ತನೆಯ ಫಲದಿಂದ ಆಗುವ ಕಲಿಕೆಯೊಳಗಿನ, ವಿಂಗಡಣೆಯಾಯಿತು. ಅದಕ್ಕೂ ಮೊದಲು, ಪ್ರಶ್ನೆ ಆ ಗುಂಪಿಗೆ ಸೇರಿದೆಯೇ ಅಥವಾ ಪಾವ್ಲೋವ್‌ನ ಶಾಸ್ತ್ರೀಯ ಅನುಬಂಧನಕ್ಕೆ ಸೇರಿದೆಯೇ ಎಂಬುದು ತಿಳಿಯಬೇಕು. ಪಾವ್ಲೋವ್‌ನ ನಾಯಿ ಜೊಲ್ಲು ಸುರಿಸಿದರೂ ಸುರಿಸದಿದ್ದರೂ ಸದ್ದಿನ ಹಿಂದೆ ಆಹಾರ ಬರುತ್ತಿತ್ತು. ಸ್ಕಿನ್ನರ್‌ನ ಇಲಿಗೆ ಸನ್ನೆಕೋಲನ್ನು ಒತ್ತಿದರೆ ಮಾತ್ರ ಆಹಾರದ ಕಾಳು ಸಿಗುತ್ತಿತ್ತು. ಪ್ರಾಣಿ ಏನನ್ನೂ ಮಾಡದಿದ್ದರೂ ಆ ಘಟನೆ ನಡೆಯುತ್ತಿತ್ತೇ ಎಂದು ಕೇಳಿಕೊಂಡರೆ ಎರಡೂ ಬೇರೆಯಾಗುತ್ತವೆ.

ಇದನ್ನು ನಮಗೆ ಚೆನ್ನಾಗಿ ಕಾಣಿಸಿದ್ದು ಆಲೂರು ಕಡೆಯಿಂದ ಬರುವ ವಿದ್ಯಾರ್ಥಿಯೊಬ್ಬರು ಹೇಳಿದ ಸಂಗತಿ. ಅವರ ಮನೆಯ ಕಾಫಿ ತೋಟಕ್ಕೆ ಸೋಲಾರ್ ತಂತಿ ಬೇಲಿ ಹಾಕಿಸಿದ್ದರು. ಹೊಸದಾಗಿ ತಂದ ಕರು ಮೊದಲ ದಿನ ತಂತಿಗೆ ಮೂತಿ ತಾಗಿಸಿ, ಬೆಚ್ಚಿ ಹಿಂದಕ್ಕೆ ಹಾರಿತು. ಒಂದೆರಡು ಸಲ ಹೀಗಾದ ಮೇಲೆ ಅದು ತಂತಿ ಮುಟ್ಟುವುದನ್ನು ಬಿಟ್ಟಿತು. ಹುಲ್ಲು ತಾಗಿದ ಜಾಗದಲ್ಲಿ ತಂತಿ ಟಕ್ ಟಕ್ ಎನ್ನುವುದು ಕೇಳಿದರೆ ಸಾಕು, ಕಿವಿ ನಿಮಿರಿಸಿ ಮೈ ಬಿಗಿಹಿಡಿದು ನಿಂತುಬಿಡುತ್ತಿತ್ತು. ಆಮೇಲೆ ಬೇಲಿಯಿಂದ ದೂರ ಸರಿದು, ಸುತ್ತುದಾರಿಯಲ್ಲಿ ಕೊಟ್ಟಿಗೆಗೆ ಹೋಗುತ್ತಿತ್ತು.

ಬೇಲಿ ಒಂದೇ, ಕರುವೂ ಒಂದೇ, ಆದರೆ ಉತ್ತರಗಳು ಮೂರು. ತಂತಿ ಮುಟ್ಟಿದಾಗ ಶಾಕ್ ಎಂಬುದೊಂದು ಸೇರಿತು, ಮುಟ್ಟುವುದು ಕಡಿಮೆಯಾಯಿತು. ಮುಟ್ಟುವ ವರ್ತನೆಗೆ ಇದು ಧನಾತ್ಮಕ ಶಿಕ್ಷೆ. ಟಕ್ ಟಕ್ ಸದ್ದಿಗೆ ಮೈ ಬಿಗಿಯಾಗುವುದು ಶಾಸ್ತ್ರೀಯ ಅನುಬಂಧನ: ಶಾಕ್ ಅನನುಬಂಧಿತ ಪ್ರಚೋದನೆ, ಅದರೊಂದಿಗೆ ಕೇಳಿಬಂದ ಸದ್ದು ಅನುಬಂಧಿತ ಪ್ರಚೋದನೆ, ಬೆದರಿ ಬಿಗಿಯಾಗುವುದು ಅನುಬಂಧಿತ ಪ್ರತಿಕ್ರಿಯೆ. ಬಿಗಿಯಾದುದರಿಂದ ಕರುವಿಗೆ ಏನೂ ಸಿಗಲಿಲ್ಲ, ಏನೂ ತಪ್ಪಲಿಲ್ಲ. ದೂರ ಸರಿಯುವುದರ ಲೆಕ್ಕ ಬೇರೆ. ಸರಿದೊಡನೆ ಸದ್ದೂ ಅದು ಹುಟ್ಟಿಸಿದ ಭಯವೂ ಹಿಂದೆ ಉಳಿಯುತ್ತವೆ, ಆದ್ದರಿಂದ ಸರಿಯುವುದು ಬಲಗೊಳ್ಳುತ್ತದೆ. ಇದು ಋಣಾತ್ಮಕ ಪುನರ್ಬಲನ. ಭಯ ಶಾಸ್ತ್ರೀಯ ಅನುಬಂಧನದಿಂದ ಹುಟ್ಟಿ, ತಪ್ಪಿಸಿಕೊಳ್ಳುವಿಕೆ ಋಣಾತ್ಮಕ ಪುನರ್ಬಲನದಿಂದ ಉಳಿಯುತ್ತದೆ ಎಂಬ ಈ ಎರಡು ಹಂತಗಳ ವಿವರಣೆಯನ್ನು ಮನೋವಿಜ್ಞಾನಿ ಮೌರರ್ 1947ರಲ್ಲಿ ಮುಂದಿಟ್ಟರು.

ಕರು ತಂತಿ ಮುಟ್ಟದೆ ಇರುವುದನ್ನೂ ಋಣಾತ್ಮಕ ಪುನರ್ಬಲನ ಎನ್ನಬಹುದಲ್ಲವೇ ಎಂದು ತರಗತಿಯಲ್ಲಿ ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ‘ಮುಟ್ಟದಿರುವುದು’ ಒಂದು ವರ್ತನೆಯಲ್ಲ, ಮಲಗಿರುವ ಕರುವೂ ತಂತಿ ಮುಟ್ಟುತ್ತಿರುವುದಿಲ್ಲ. ಅದರ ಬದಲು ಕರು ಏನು ಮಾಡಿತು ಎಂದು ಹೇಳಲು ಕೇಳಿದರೆ, ‘ಸುತ್ತುದಾರಿ ಹಿಡಿಯಿತು’ ಎಂಬ ಉತ್ತರ ಬರುತ್ತದೆ, ಅದಕ್ಕೆ ಪುನರ್ಬಲನ ಎಂಬ ಹೆಸರು ಸಲ್ಲುತ್ತದೆ. ಇಲ್ಲ ಎಂಬ ಅರ್ಥದ ಕ್ರಿಯಾಪದದ ಕೆಳಗೆ ಗೆರೆ ಎಳೆದಿದ್ದರೆ ನಾನು ಈಗ ಅದನ್ನು ಅಳಿಸಿ, ಕಣ್ಣಿಗೆ ಕಾಣುವ ಕೆಲಸವೊಂದನ್ನು ಹುಡುಕಿ ಬರೆಯಲು ಹೇಳುತ್ತೇನೆ.

ಆ ವಿದ್ಯಾರ್ಥಿನಿಗೆ ಅಂದೇ ಅಂಕ ಸೇರಿಸಿದೆ. ಮೇಜಿನ ಪ್ರಶ್ನೆ ಈಗಲೂ ನನ್ನ ಪ್ರಶ್ನೆಪತ್ರಿಕೆಯಲ್ಲಿದೆ, ಆದರೆ ಕೊನೆಯ ಸಾಲು ಬದಲಾಗಿದೆ: ‘ಇಲ್ಲಿ ಶಿಕ್ಷಕಿಯ ಮೇಜು ಕುಟ್ಟುವ ವರ್ತನೆಯನ್ನು ಉಳಿಸಿರುವುದು ಯಾವುದು?’