ಮನೆಗೆ ಕಳಿಸಬೇಕಾದ ಒಂದು ಮೆಸೇಜ್: ಏಳು ದಿನದ ಬರಹ

ಸೋಮವಾರ, 8

ಇವತ್ತು ಮಧ್ಯಾಹ್ನ ಮೀಟಿಂಗ್‌ಗೆ ಕರೆದು ಹೇಳಿದರು. ನಮ್ಮ ವಿಭಾಗ ಮುಚ್ಚುತ್ತಾರೆ. 14 ಜನರಿಗೂ ಈ ತಿಂಗಳ ಕೊನೆಯೇ ಕಡೇ ದಿನ. ಏಳು ವರ್ಷ ಕೆಲಸ ಮಾಡಿದ ಜಾಗ. ಹೆಬ್ಬಾಳದಿಂದ ಮನೆಗೆ ಬಂದು ಹೆಂಡತಿಗೆ ಎದುರಿಗೇ ಕೂತು ಹೇಳಿದೆ. ಅವಳಿಗೆ ಮೆಸೇಜ್ ಬೇಕಿರಲಿಲ್ಲ.

ಮೆಸೇಜ್ ಬೇಕಿರುವುದು ಪಾಂಡವಪುರದ ಹತ್ತಿರದ ನಮ್ಮೂರಿಗೆ. ಅಪ್ಪನಿಗೆ ಫೋನಲ್ಲಿ ಅರ್ಧ ಕೇಳಿಸುವುದಿಲ್ಲ. ಅರ್ಧ ಕೇಳಿಸಿಕೊಂಡ ಮಾತನ್ನು ಅವರು ಇಡೀ ದಿನ ತಲೆಯಲ್ಲಿ ತಿರುಗಿಸುತ್ತಾರೆ. ಬರೆದರೆ ಎರಡು ಸಲ ಓದಿಕೊಳ್ಳಬಹುದು, ಅವ್ವನಿಗೂ ಓದಿ ಹೇಳಬಹುದು. ಅದಕ್ಕೇ ಮೊದಲು ಬರಹ, ಆಮೇಲೆ ಫೋನು ಅಂತ ತೀರ್ಮಾನ ಮಾಡಿದೆವು.

ಮಂಗಳವಾರ, 9

ಮೊದಲ ಕರಡು ಹೀಗಿತ್ತು: "ಅಪ್ಪ, ಗಾಬರಿ ಆಗಬೇಡಿ. ಒಂದು ವಿಷಯ ಹೇಳಬೇಕು. ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಆದರೆ ಏನೂ ತೊಂದರೆ ಇಲ್ಲ. ಮುಂದಿನ ತಿಂಗಳೇ ಬೇರೆ ಸಿಗುತ್ತೆ."

ಪ್ರತಿ ಸಾಲೂ ತಪ್ಪು. ಫೋನಿನ ಪರದೆ ಮೇಲೆ ಮೊದಲು ಕಾಣಿಸುವುದು ಆರಂಭದ ಒಂದೆರಡು ಸಾಲು ಅಷ್ಟೇ. ಅಲ್ಲಿ "ಗಾಬರಿ" ಅನ್ನೋ ಪದ ಕಂಡರೆ ಅಪ್ಪ ಮೆಸೇಜ್ ತೆರೆಯುವ ಮೊದಲೇ ಆಸ್ಪತ್ರೆ, ಆಕ್ಸಿಡೆಂಟು ಅಂತ ಯೋಚನೆ ಮಾಡಿರುತ್ತಾರೆ. "ತೆಗೆದಿದ್ದಾರೆ" ಅಂದರೆ ನಮ್ಮೂರಲ್ಲಿ ಅರ್ಥವೇ ಬೇರೆ: ಏನೋ ತಪ್ಪು ಮಾಡಿರಬೇಕು. ಇನ್ನು ಮುಂದಿನ ತಿಂಗಳೇ ಸಿಗುತ್ತೆ ಅನ್ನೋದು ನನ್ನ ಕೈಲಿಲ್ಲ. ಸಿಗದಿದ್ದರೆ ಆ ತಿಂಗಳು ಎರಡನೇ ಸಲ ಕೆಟ್ಟ ಸುದ್ದಿ ಹೇಳಬೇಕಾಗುತ್ತದೆ.

ಬುಧವಾರ, 10

ಅಪ್ಪ ಕೇಳುವ ಮೊದಲ ಪ್ರಶ್ನೆ ದುಡ್ಡಿನದು. ತಿಂಗಳ ಐದನೇ ತಾರೀಕು ಊರಿಗೆ 6,000 ರೂಪಾಯಿ ಕಳಿಸುತ್ತೇನೆ. ಅದು ನಿಲ್ಲುತ್ತದಾ ಅಂತ ಅವರು ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಅಂಗಡಿ ಲೆಕ್ಕ, ದನದ ಬೂಸಾ, ಮಾತ್ರೆ ಎಲ್ಲ ಅದರ ಮೇಲೇ ನಡೆಯುತ್ತೆ. ಹಾಗಾಗಿ ಲೆಕ್ಕ ಹಾಕದೆ ಬರೆಯುವ ಹಾಗಿಲ್ಲ.

ಬಾಡಿಗೆ, ಪಾಪುವಿನ ಸ್ಕೂಲು, ಊರಿನ ದುಡ್ಡು ಎಲ್ಲ ಸೇರಿ ತಿಂಗಳಿಗೆ 27,000. ಬ್ಯಾಂಕಲ್ಲಿ 70,000 ಇದೆ. ನೋಟಿಸ್ ಅವಧಿಯ ಒಂದು ತಿಂಗಳ ಸಂಬಳ ಕೈಗೆ 38,000 ಬರುತ್ತೆ. ಒಟ್ಟು 1,08,000. ಸರಿಯಾಗಿ ನಾಲ್ಕು ತಿಂಗಳು.

ಇದಲ್ಲದೆ ಗ್ರಾಚ್ಯುಟಿ ಇದೆ. ಐದು ವರ್ಷ ದಾಟಿದ್ದರಿಂದ ನನಗೆ ಸಿಗಬೇಕು. ಕೊನೆಯ ಮೂಲ ವೇತನ 21,000. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಏಳು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 84,800 ಆಗುತ್ತೆ. 30 ದಿನದೊಳಗೆ ಕೊಡಬೇಕು ಅಂತ ಕಾನೂನಿದೆ. ಅದನ್ನೂ ಸೇರಿಸಿದರೆ ಏಳು ತಿಂಗಳು. ಆದರೆ ಮೆಸೇಜಲ್ಲಿ ನಾಲ್ಕು ಅಂತಲೇ ಬರೆಯುತ್ತೇನೆ. ಕಾರ್ಖಾನೆಗೆ ಕಬ್ಬು ಹೊಡೆದು ಬಿಲ್ಲಿಗೆ ಕಾದವರು ನಮ್ಮಪ್ಪ. ಬರಬೇಕಾದ ದುಡ್ಡು ಬೇರೆ, ಕೈಲಿರೋ ದುಡ್ಡು ಬೇರೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಶುಕ್ರವಾರ, 12

ಎಚ್‌ಆರ್‌ನವರಿಂದ ಉತ್ತರ ಬಂತು. ಕಂಪನಿಯ ಆರೋಗ್ಯ ವಿಮೆ ಕೊನೆಯ ದಿನದವರೆಗೆ ಮಾತ್ರ. ಅದರಲ್ಲಿ ಅಪ್ಪ ಅವ್ವನ ಹೆಸರೂ ಇದೆ. ಅದೇ ವಿಮಾ ಕಂಪನಿಯಲ್ಲಿ ನಮ್ಮದೇ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಕೇಳಬಹುದು, ಅರ್ಜಿಯನ್ನು ವಿಮೆ ಮುಗಿಯೋ ಮೊದಲೇ ಕೊಟ್ಟುಬಿಡಿ ಅಂದರು.

ಅಪ್ಪನ ಎಡಗಣ್ಣಿನ ಪೊರೆ ಆಪರೇಷನ್ ಮೂರು ತಿಂಗಳಿಂದ ಮುಂದಕ್ಕೆ ಹೋಗ್ತಾ ಇದೆ. ಈ ತಿಂಗಳೇ ಮುಗಿಸಬೇಕು. ಮೂರನೇ ಕರಡಲ್ಲಿ "ವಿಮೆ ಮುಗಿಯುತ್ತೆ, ತಕ್ಷಣ ಆಪರೇಷನ್ ಮಾಡಿಸಬೇಕು" ಅಂತ ಬರೆದಿದ್ದೆ. ಹೆಂಡತಿ ಓದಿ, "ಇದನ್ನ ನೋಡಿದ್ರೆ ಮಾವ ಆಪರೇಷನ್ನೇ ಬೇಡ ಅಂತಾರೆ ರೀ, ನಿಮಗೆ ಖರ್ಚು ಯಾಕೆ ಅಂತ" ಅಂದಳು. ಅವಳ ಮಾತು ಸರಿ. "ತಕ್ಷಣ" ತೆಗೆದು ತಾರೀಕು ಹಾಕಿದೆ. ತಾರೀಕು ಇದ್ದರೆ ಅದು ಕೆಲಸ, ಆತುರ ಅಲ್ಲ.

ಇನ್ನೊಂದು ಚಿಂತೆ. 14 ಜನರಲ್ಲಿ ಪಕ್ಕದೂರಿನ ಹುಡುಗನೂ ಒಬ್ಬ. ಅವನು ಮನೆಗೆ ಹೇಳಿದರೆ ಮಾರನೇ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಸುದ್ದಿ. ಅಪ್ಪನಿಗೆ ಅಲ್ಲಿ ಕ್ಯಾನು ಹಿಡಿದು ನಿಂತಾಗ ಗೊತ್ತಾಗಬಾರದು. ಭಾನುವಾರ ಬೆಳಿಗ್ಗೆವರೆಗೆ ತಡೀಪ್ಪ ಅಂತ ಕೇಳಿಕೊಂಡೆ. ಅವನು ಆಗಲಿ ಅಣ್ಣ ಅಂದ.

ಶನಿವಾರ, 13

ಮಂಡ್ಯದಲ್ಲಿರೋ ತಂಗಿಗೆ ಮಾತ್ರ ಮೊದಲೇ ಫೋನ್ ಮಾಡಿ ಹೇಳಿದೆ. ಅವಳು ಇವತ್ತು ಸಂಜೆ ಊರಿಗೆ ಹೋಗಿದ್ದಾಳೆ. ಓದುವಾಗ ಪಕ್ಕದಲ್ಲಿ ಒಬ್ಬರು ಇರಲಿ ಅಂತ. ದೊಡ್ಡಪ್ಪ, ಭಾವ ಎಲ್ಲ ಇರೋ ಕುಟುಂಬದ ಗ್ರೂಪಿಗೆ ಹಾಕುವುದಿಲ್ಲ. ಅಲ್ಲಿ ಹಾಕಿದರೆ ಅಪ್ಪ ಓದಿ ಮುಗಿಸುವ ಮೊದಲೇ ಸಮಾಧಾನ ಹೇಳುವ ಫೋನು ಶುರುವಾಗುತ್ತೆ.

ಮೊದಲ ಸಾಲು ಸಿಕ್ಕಿದ್ದು ಹಳೇ ಕಾಗದಗಳ ನೆನಪಿನಿಂದ. ಹಿಂದೆ ಯಾವ ಕಾಗದವಾದರೂ "ಇಲ್ಲಿ ನಾವೆಲ್ಲ ಕ್ಷೇಮ" ಅಂತಲೇ ಶುರುವಾಗುತ್ತಿತ್ತು. ಓದುವವರ ಜೀವ ಮೊದಲು ತಣ್ಣಗಾಗುತ್ತಿತ್ತು, ಆಮೇಲೆ ವಿಷಯ.

ರಾತ್ರಿ ಹೆಂಡತಿಯ ಕೈಲಿ ಜೋರಾಗಿ ಓದಿಸಿದೆ. ಅಪ್ಪ ಓದುವ ಹಾಗೆ, ಸಾಲಿನ ಕೆಳಗೆ ಬೆರಳಿಟ್ಟು, ಪ್ರತಿ ಚುಕ್ಕಿಗೂ ನಿಂತು. ಎರಡು ಕಡೆ ಉಸಿರು ಸಿಕ್ಕಿಕೊಂಡಿತು. ಆ ವಾಕ್ಯಗಳನ್ನು ಒಡೆದೆ. ಐದನೇ ಕರಡು ಇದು:

"ಅಪ್ಪ, ಅವ್ವ, ನಾವು ಮೂರು ಜನವೂ ಚೆನ್ನಾಗಿದ್ದೀವಿ. ನನ್ನ ಕೆಲಸದ ವಿಷಯ ಒಂದು ತಿಳಿಸ್ತಾ ಇದ್ದೀನಿ. ಕಂಪನಿಯವರು ನಮ್ಮ ವಿಭಾಗವನ್ನೇ ಮುಚ್ಚುತ್ತಾ ಇದ್ದಾರೆ. ಅಲ್ಲಿದ್ದ 14 ಜನಕ್ಕೂ ಈ ತಿಂಗಳ ಕೊನೆಗೆ ಕೆಲಸ ಮುಗಿಯುತ್ತೆ. ಅದರಲ್ಲಿ ನಾನೂ ಒಬ್ಬ. ನಾಲ್ಕು ತಿಂಗಳ ಮನೆ ಖರ್ಚಿಗೆ ದುಡ್ಡು ಕೈಲಿದೆ. ಊರಿನ ದುಡ್ಡೂ ಅದರಲ್ಲೇ ಸೇರಿದೆ, ಐದನೇ ತಾರೀಕು ಎಂದಿನಂತೆ ಬರುತ್ತೆ. ಬೇರೆ ಕೆಲಸ ಹುಡುಕ್ತಾ ಇದ್ದೀನಿ. ಯಾವಾಗ ಸಿಗುತ್ತೆ ಅಂತ ಈಗಲೇ ಹೇಳೋಕಾಗಲ್ಲ, ಗೊತ್ತಾದ ದಿನವೇ ಹೇಳ್ತೀನಿ. ಅಪ್ಪನ ಕಣ್ಣಿನ ಆಪರೇಷನ್ ಈ ತಿಂಗಳೇ ಮಾಡಿಸೋಣ, ವಿಮೆಯಲ್ಲಿ ಆಗುತ್ತೆ. 17ನೇ ತಾರೀಕು ಬುಧವಾರ ನಾನೇ ಬಂದು ಕರ್ಕೊಂಡು ಬರ್ತೀನಿ. ಒಂಬತ್ತು ಗಂಟೆಗೆ ಫೋನ್ ಮಾಡ್ತೀನಿ."

ಕೊನೆಯ ಸಾಲು ತಂಗಿ ಹೇಳಿದ್ದು. ಓದಿದ ಮೇಲೆ ಏನು ಮಾಡಬೇಕು ಅಂತ ಅವರು ಒದ್ದಾಡಬಾರದಲ್ವಾ.

ಭಾನುವಾರ, 14

ಡೈರಿಗೆ ಹಾಲು ಹಾಕಿ ಬಂದು, ತಿಂಡಿ ಆಗಿದೆ ಅಂತ ತಂಗಿ ತಿಳಿಸಿದ ಮೇಲೆ 8.15ಕ್ಕೆ ಕಳಿಸಿದೆ. 8.22ಕ್ಕೆ ನೀಲಿ ಗೆರೆ ಬಂತು.

ಅಪ್ಪ ಜಗಲಿ ಮೇಲೆ ಕೂತು ಅವ್ವನಿಗೆ ಓದಿ ಹೇಳಿದರಂತೆ. "14 ಜನಕ್ಕೂ" ಅನ್ನೋ ಕಡೆ ನಿಲ್ಲಿಸಿ ಆ ಸಾಲನ್ನು ಮತ್ತೆ ಓದಿದರಂತೆ. ಅವ್ವ ಸೆರಗಲ್ಲಿ ಕಣ್ಣು ಒರೆಸಿಕೊಂಡು ಒಳಗೆ ಹೋದಳು ಅಂತ ತಂಗಿ ಆಮೇಲೆ ಹೇಳಿದಳು. ಅದನ್ನು ಯಾವ ಕರಡೂ ತಡೆಯುತ್ತಿರಲಿಲ್ಲ.

ಒಂಬತ್ತಕ್ಕೆ ಫೋನ್ ಮಾಡಿದೆ. ಅವ್ವ, "ತಿಂಡಿ ತಿಂದ್ಯಾ ಮಗಾ" ಅಂದಳು. ತಿಂದೆ ಅಂದೆ. ಆಮೇಲೆ ಅಪ್ಪ. ಸ್ವಲ್ಪ ಹೊತ್ತು ಸುಮ್ನಿದ್ದು, "ಊರಿನ ದುಡ್ಡು ಎರಡು ತಿಂಗಳು ಬೇಡ ಕಣಪ್ಪ, ಹಾಲಿನ ದುಡ್ಡಿದೆ" ಅಂದರು. ನೋಡೋಣ ಅಪ್ಪ ಅಂದೆ. "ಬುಧವಾರ ನೀನು ಬರಬೇಡ. ಏಳು ಗಂಟೆ ಬಸ್ಸಿಗೆ ನಾನೇ ಬತ್ತೀನಿ, ಸ್ಟ್ಯಾಂಡಿಗೆ ಬಾ" ಅಂದರು.

ಪಾಲಿಸಿ ಬದಲಾವಣೆಯ ಅರ್ಜಿ ಬಾಕಿ ಇದೆ. ನಾಳೆ ಅಪ್ಪ ಅವ್ವನ ಆಧಾರ್ ಪ್ರತಿ ತಂಗಿ ಕಳಿಸುತ್ತಾಳೆ.