ಅರ್ಜೆಂಟೀನಾ ಜೆರ್ಸಿಯ ಲಾಂಛನವನ್ನು ಒಳಗಿನಿಂದಲೂ ನೋಡಬೇಕು

ಹಳೆಯ ಫುಟ್‌ಬಾಲ್ ಜೆರ್ಸಿಗಳನ್ನು ಮಾರುವವರು ಕಳುಹಿಸುವ ಫೋಟೊಗಳನ್ನು ಪರಿಶೀಲಿಸಿ ಅಸಲಿಯೋ ನಕಲಿಯೋ ಎಂದು ವರದಿ ಬರೆಯುವುದು ನನ್ನ ಕೆಲಸ. ಹೆಚ್ಚು ಎಚ್ಚರ ಬೇಡುವುದು ಅಡಿಡಾಸ್ ತಯಾರಿಸಿದ, 2022ರ ವಿಶ್ವಕಪ್‌ನ ಅರ್ಜೆಂಟೀನಾ ಜೆರ್ಸಿ. ಕಂಪನಿಯೇ ಇದನ್ನು ಎರಡು ದರ್ಜೆಗಳಲ್ಲಿ ಮಾರಿತ್ತು. ಆಟಗಾರರು ಧರಿಸುವ ಮಾದರಿಯ 'ಅಥೆಂಟಿಕ್' ಜೆರ್ಸಿಯ ಮೇಲೆ HEAT.RDY ಎಂದೂ, ಅಭಿಮಾನಿಗಳಿಗಾಗಿ ಮಾಡಿದ 'ರೆಪ್ಲಿಕಾ' ಮೇಲೆ AEROREADY ಎಂದೂ ಇರುತ್ತದೆ. ರೆಪ್ಲಿಕಾ ನಕಲಿಯಲ್ಲ, ಆದರೆ ಅದನ್ನು ಅಥೆಂಟಿಕ್ ಎಂದು ಹೇಳಿ ಮಾರಿದರೆ ಕೊಳ್ಳುವವರಿಗೆ ಮೋಸವಾಗುತ್ತದೆ.

ಒಮ್ಮೆ ಮಾರಾಟಗಾರರೊಬ್ಬರು 'ಕತಾರ್ ಫೈನಲ್‌ನಲ್ಲಿ ಆಡಿದ ಜೆರ್ಸಿ' ಎಂದು ಬರೆದು ಫೋಟೊ ಕಳುಹಿಸಿದ್ದರು. ಲಾಂಛನದ ಮೇಲೆ ಮೂರು ನಕ್ಷತ್ರಗಳಿದ್ದವು. ಅರ್ಜೆಂಟೀನಾ ಮೂರನೆಯ ಬಾರಿ ಗೆದ್ದದ್ದೇ 2022ರ ಡಿಸೆಂಬರ್ 18ರ ಆ ಫೈನಲ್‌ನಲ್ಲಿ. ಆಟ ನಡೆಯುವಾಗ ಆಟಗಾರರ ಎದೆಯ ಮೇಲಿದ್ದದ್ದು 1978 ಮತ್ತು 1986ರ ಗೆಲುವಿನ ಎರಡು ನಕ್ಷತ್ರಗಳು ಮಾತ್ರ. ಹೀಗಾಗಿ ಅವರ ಹೇಳಿಕೆ ಅಲ್ಲಿಯೇ ಬಿದ್ದುಹೋಯಿತು. ಆದರೂ ಗೆಲುವಿನ ನಂತರ ಅಂಗಡಿಗೆ ಬಂದ ಅಸಲಿ ಜೆರ್ಸಿ ಅದಾಗಿರಬಹುದಿತ್ತು ಎಂಬ ಕಾರಣಕ್ಕೆ, ಜೆರ್ಸಿಯನ್ನು ಒಳಹೊರಗು ಮಾಡಿ ಲಾಂಛನದ ಹಿಂಬದಿಯ ಫೋಟೊವನ್ನೂ, ಪಕ್ಕದ ಹೊಲಿಗೆಯಲ್ಲಿರುವ ಸಣ್ಣ ಲೇಬಲ್‌ನ ಸ್ಪಷ್ಟ ಫೋಟೊವನ್ನೂ ಕೇಳಿದೆ.

ಅಥೆಂಟಿಕ್ ಜೆರ್ಸಿಯಲ್ಲಿ ಲಾಂಛನವನ್ನು ಶಾಖದಿಂದ ಒತ್ತಿ ಅಂಟಿಸಿರುತ್ತಾರೆ. ಹಾಗಾಗಿ ಒಳಗಡೆ ದಾರ ಕಾಣದೆ, ಬಟ್ಟೆ ಬಹುಮಟ್ಟಿಗೆ ನಯವಾಗಿರುತ್ತದೆ. ರೆಪ್ಲಿಕಾದಲ್ಲಿ ಲಾಂಛನ ಹೊಲಿದದ್ದಾದ್ದರಿಂದ ಒಳಗೆ ಹೊಲಿಗೆಯ ಗುರುತು ಇರುತ್ತದೆ. HEAT.RDY ಎಂಬ ಬರಹವೂ ಹೊಲಿದ ಲಾಂಛನವೂ ಒಂದೇ ಜೆರ್ಸಿಯಲ್ಲಿ ಕಂಡರೆ ಅವೆರಡೂ ಹೊಂದುವುದಿಲ್ಲವೆಂದು ತಿಳಿಯಬೇಕು. ಆದರೆ ಈ ಜೆರ್ಸಿಯಲ್ಲಿ ಒಳಭಾಗ ನಯವಾಗಿಯೇ ಇತ್ತು. 'ಪ್ಲೇಯರ್ ವರ್ಷನ್' ಎಂಬ ಹೆಸರಿನ ನಕಲಿಗಳೂ ಈಗ ಲಾಂಛನವನ್ನು ಅಂಟಿಸುವುದರಿಂದ, ಇದೊಂದರಿಂದಲೇ ಅಸಲಿ ಎನ್ನಲಾಗದು.

ನಿರ್ಧಾರವಾದದ್ದು ಲೇಬಲ್‌ನಿಂದ. ಅದರ ಮೇಲಿನ ಆರು ಅಕ್ಷರ-ಅಂಕಿಗಳ ಉತ್ಪನ್ನ ಸಂಖ್ಯೆಯನ್ನು ಹುಡುಕಿದಾಗ ಬೇರೆಯದೇ ತಂಡದ ಜೆರ್ಸಿ ಬಂತು. ನಕಲಿ ಮಾಡುವವರು ಒಂದೇ ಲೇಬಲ್ಲನ್ನು ಹಲವು ಜೆರ್ಸಿಗಳಿಗೆ ಹೊಲಿಯುವುದುಂಟು. ಸಂಖ್ಯೆ ಹೊಂದಿದ್ದರೂ ನಾನು ಅಷ್ಟಕ್ಕೇ ನಿಲ್ಲಿಸುತ್ತಿರಲಿಲ್ಲ, ಏಕೆಂದರೆ ಸರಿಯಾದ ಸಂಖ್ಯೆಯನ್ನೂ ನಕಲಿಸಬಹುದು.

ಬಟ್ಟೆಯ ಹೆಣಿಗೆಗೆ ಪಕ್ಕದಿಂದ ಬೆಳಕು ಬೀಳುವಂತೆ, ಹತ್ತಿರದಿಂದ ತೆಗೆದ ಫೋಟೊ ಬೇಕು. ಗಾಳಿಯಾಡುವ ರಂಧ್ರಗಳು ಹೆಣಿಗೆಯಲ್ಲಿಯೇ ಮೂಡಿದ್ದರೆ ಒಳಗಿನಿಂದಲೂ ಅದೇ ಜಾಗದಲ್ಲಿ ಕಾಣುತ್ತವೆ. ವಿನ್ಯಾಸವನ್ನು ಮೇಲೆ ಬರೀ ಒತ್ತಿದ್ದರೆ ಒಳಬದಿ ಸಪಾಟಾಗಿರುತ್ತದೆ. ಮೊಬೈಲ್ ಆ್ಯಪ್‌ಗಳ ಮೂಲಕ ಬಂದ ಫೋಟೊಗಳು ಕುಗ್ಗಿ ಈ ವಿವರ ಅಳಿಸಿಹೋಗುವುದರಿಂದ, ಮೂಲ ಫೈಲನ್ನೇ ಕೇಳುತ್ತೇನೆ.

ಇವೆಲ್ಲ ಸರಿಯಿದ್ದರೂ 'ಆಟಗಾರ ಧರಿಸಿದ್ದು' ಎಂದು ನಾನು ವರದಿಯಲ್ಲಿ ಬರೆಯುವುದಿಲ್ಲ. ಅದಕ್ಕೆ ಪಂದ್ಯದ ಫೋಟೊಗಳಲ್ಲಿ ಕಾಣುವ ಅಂಕಿಯ ಓರೆ, ಎಳೆ ಕಿತ್ತ ಜಾಗ, ಕಲೆಗಳಂತಹ ಗುರುತುಗಳು ಈ ಜೆರ್ಸಿಯ ಗುರುತುಗಳಿಗೆ ಒಂದಕ್ಕೊಂದು ತಾಳೆಯಾಗಬೇಕು.