ಸ್ವಿಚ್ ಒತ್ತಿದ್ದು ಯಾರ ಬೆರಳು?

"ಮೇಡಂ, ಮೇಲಿನವರು ಹೇಳಿದ್ರು, ನಾವು ಮಾಡಿದ್ವಿ. ಅದರಲ್ಲಿ ನಮ್ಮ ತಪ್ಪೇನು?"

ನಾನು ಸಂಜೆ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಕ್ಲಾಸಿಗೆ ಬರುವವರು ಹಗಲೆಲ್ಲ ಆಫೀಸು, ಆಸ್ಪತ್ರೆ, ಫ್ಯಾಕ್ಟರಿಯಲ್ಲಿ ದುಡಿದು ಬರುವವರು. ನಿಮ್ಮ ಕೈಯಿಂದ ಆದದ್ದರಲ್ಲಿ ನಿಮ್ಮ ಪಾಲು ಇದ್ದೇ ಇದೆ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಆದರೆ ಅಷ್ಟಕ್ಕೇ ಬಿಟ್ಟರೆ ಅದು ಬುದ್ಧಿವಾದ ಆಗುತ್ತದೆ, ಯಾರೂ ಒಪ್ಪುವುದಿಲ್ಲ. ಅದಕ್ಕೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಕೋಣೆಗೆ ಅವರನ್ನು ಕರೆದುಕೊಂಡು ಹೋಗುತ್ತೇನೆ.

1961. ನಾಜಿ ಅಧಿಕಾರಿ ಐಕ್‌ಮನ್‌ನ ವಿಚಾರಣೆ ಜೆರುಸಲೇಮಿನಲ್ಲಿ ನಡೆಯುತ್ತಿದ್ದ ವರ್ಷ. ಆತನ ವಾದವೂ ಇದೇ ಆಗಿತ್ತು: ಮೇಲಿನವರು ಹೇಳಿದ್ದನ್ನು ಮಾಡಿದೆ. ಅದೇ ವರ್ಷ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬ ಯುವ ಮನಶ್ಶಾಸ್ತ್ರಜ್ಞ, ನೆನಪಿನ ಶಕ್ತಿಯ ಅಧ್ಯಯನಕ್ಕೆ ಜನ ಬೇಕು ಎಂದು ಪೇಪರಿನಲ್ಲಿ ಜಾಹೀರಾತು ಕೊಟ್ಟರು. ಬಂದವರಿಗೆ ನಾಲ್ಕು ಡಾಲರ್, ಜೊತೆಗೆ ಬಸ್ಸಿನ ಖರ್ಚಿಗೆ 50 ಸೆಂಟ್.

ಬಂದವನು 'ಮೇಷ್ಟ್ರು' ಆಗಬೇಕು. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿ ಕೂರಿಸಿದ 'ವಿದ್ಯಾರ್ಥಿ' ತಪ್ಪು ಉತ್ತರ ಕೊಟ್ಟಾಗಲೆಲ್ಲ ಕರೆಂಟ್ ಶಾಕ್ ಕೊಡಬೇಕು. ಮುಂದೆ ಒಂದು ಪೆಟ್ಟಿಗೆ, ಅದರಲ್ಲಿ 30 ಸ್ವಿಚ್. ಮೊದಲನೆಯದು 15 ವೋಲ್ಟ್, ಕೊನೆಯದು 450. ಒಂದೊಂದು ತಪ್ಪಿಗೂ ಒಂದೊಂದು ಮೆಟ್ಟಿಲು ಮೇಲೆ. ನಿಜಕ್ಕೂ ಶಾಕ್ ಯಾರಿಗೂ ಹೊಡೆಯುತ್ತಿರಲಿಲ್ಲ. ವಿದ್ಯಾರ್ಥಿ ಅವರ ಕಡೆಯವನೇ. ಆದರೆ ಮೇಷ್ಟ್ರಿಗೆ ಅದು ಗೊತ್ತಿಲ್ಲ. ಆತ ಹಿಂದೆಮುಂದೆ ನೋಡಿದರೆ, ಬೂದು ಕೋಟು ಹಾಕಿದ ಪ್ರಯೋಗದವನು ತಣ್ಣಗೆ "ದಯವಿಟ್ಟು ಮುಂದುವರಿಸಿ" ಅನ್ನುತ್ತಾನೆ, ಆಗಲೂ ಒಪ್ಪದಿದ್ದರೆ "ಮುಂದುವರಿಸಲೇಬೇಕು" ಅನ್ನುತ್ತಾನೆ, ಅಷ್ಟೇ.

1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಜನರ ಪೈಕಿ 26 ಜನ ಕೊನೆಯ ಸ್ವಿಚ್ಚನ್ನೂ ಒತ್ತಿದ್ದರು.

ಇದನ್ನು ಕೇಳಿದವರು "ಮನುಷ್ಯ ಕ್ರೂರಿ" ಎಂದು ತೀರ್ಮಾನ ಮಾಡಿಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಒತ್ತಿದವರು ಬೆವರುತ್ತಿದ್ದರು, ನಡುಗುತ್ತಿದ್ದರು, ತುಟಿ ಕಚ್ಚಿಕೊಳ್ಳುತ್ತಿದ್ದರು. ಎಷ್ಟು ವೋಲ್ಟ್ ಎಂಬುದನ್ನು ಅವರಿಗೇ ಬಿಟ್ಟಾಗ ಬಹುತೇಕ ಎಲ್ಲರೂ ಕೆಳಗಿನ ಸ್ವಿಚ್ಚುಗಳಲ್ಲೇ ಉಳಿದರು. ಕೋಟಿನವನು ಕೋಣೆ ಬಿಟ್ಟು ಹೋಗಿ ಫೋನಿನಲ್ಲಿ ಹೇಳಿದಾಗ ಕೊನೆ ಮುಟ್ಟಿದವರು ಐದರಲ್ಲಿ ಒಬ್ಬರಷ್ಟೇ. ಉಳಿದವರಲ್ಲಿ ಕೆಲವರು "ಹೂಂ, ಏರಿಸ್ತಾ ಇದ್ದೀನಿ" ಎಂದು ಫೋನಿನಲ್ಲಿ ಸುಳ್ಳು ಹೇಳಿ, ಸುಮ್ನೆ ಕಡಿಮೆ ಶಾಕ್ ಕೊಡುತ್ತಾ ಕೂತರು. ನನಗೆ ಇವರ ಮೇಲೆ ಪ್ರೀತಿ ಜಾಸ್ತಿ. ಮಾಡಬಾರದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎದುರಿಗೆ "ಆಗಲ್ಲ ಸರ್" ಅನ್ನಲು ಮಾತ್ರ ಬಾಯಿ ಬರಲಿಲ್ಲ. ನಮ್ಮ ಆಫೀಸುಗಳಲ್ಲೂ ಇಂಥವರು ಎಷ್ಟು ಜನ ಇಲ್ಲ, ಅಲ್ವಾ?

ಈಗ ಜವಾಬ್ದಾರಿಯ ವಿಷಯ. ಮೇಷ್ಟ್ರಾದ ಕೆಲವರು ನಡುವೆ ನಿಲ್ಲಿಸಿ "ಅವನಿಗೆ ಏನಾದರೂ ಆದರೆ ಯಾರು ಜವಾಬ್ದಾರಿ?" ಎಂದು ಕೇಳುತ್ತಿದ್ದರು. "ನಾನು" ಎಂದು ಕೋಟಿನವನು ಹೇಳುತ್ತಿದ್ದ. ಅಷ್ಟು ಸಿಕ್ಕರೆ ಸಾಕು, ಬೆರಳು ಮತ್ತೆ ಸ್ವಿಚ್ಚಿಗೆ ಹೋಗುತ್ತಿತ್ತು. ಆ ಒಂದು ಮಾತಿನಿಂದ ಪಕ್ಕದ ಕೋಣೆಯಲ್ಲಿ ಏನೂ ಬದಲಾಗಿರಲಿಲ್ಲ. ಹೊಣೆ ಎಂಬುದು ಗಂಟಿನ ಹಾಗೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತದೆ ಎಂದು ಒತ್ತುವವನು ನಂಬಿದ್ದ. ಕೋಟಿನವನು ಹೊತ್ತುಕೊಂಡರೂ ಇವನ ಪಾಲು ಇವನಲ್ಲೇ ಉಳಿದಿತ್ತು.

ಇನ್ನೊಂದು ಸುತ್ತಿನಲ್ಲಿ ಮಿಲ್‌ಗ್ರಾಮ್ ಕೆಲಸವನ್ನೇ ಹಂಚಿಬಿಟ್ಟರು. ಸ್ವಿಚ್ ಒತ್ತುವುದು ಬೇರೆಯವನು. ಬಂದವನಿಗೆ ಪಕ್ಕದಲ್ಲಿ ಕೂತು ಮಾಡುವ ಸಣ್ಣ ಕೆಲಸ ಮಾತ್ರ. 40ರಲ್ಲಿ 37 ಜನ ಕೊನೆಯವರೆಗೂ ಕೂತರು! ಮಿಲ್‌ಗ್ರಾಮ್ ಮಾಡಿದ ಎಲ್ಲ ಸುತ್ತುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ, ಏಕೆಂದರೆ ನಾನು ಆ ಕುರ್ಚಿಯಲ್ಲಿ ಕೂತಿದ್ದೇನೆ. ಪಾಠಕ್ಕೆ ಬರುವ ಮೊದಲು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಬಾರದ ಮಾಲಿಗೆ ಬಂದಿದೆ ಎಂದು ಬರೆದ ಒಂದು ಬಿಲ್ಲು ನನ್ನ ಟೇಬಲ್ಲಿಗೆ ಬಂತು. ಕೆಳಗೆ ಎರಡು ಸಹಿ ಆಗಲೇ ಬಿದ್ದಿದ್ದವು, ಮೇಲೆ ಇನ್ನೆರಡು ಬೀಳಬೇಕಿತ್ತು. ಕೆಳಗಿನವರು ನೋಡಿರುತ್ತಾರೆ, ಮೇಲಿನವರು ನೋಡುತ್ತಾರೆ ಅಂದುಕೊಂಡೆ. ಸಹಿ ಹಾಕಿದೆ. ಯಾರೂ ನನ್ನನ್ನು ಗದರಿಸಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ.

"ಅದು ಲ್ಯಾಬು, ಸುಳ್ಳು ಶಾಕು, ಜನಕ್ಕೆ ಅನುಮಾನ ಬಂದಿರಬೇಕು" ಎಂದು ಕ್ಲಾಸಿನಲ್ಲಿ ಯಾರಾದರೂ ತಕರಾರು ತೆಗೆಯುತ್ತಾರೆ. ನ್ಯಾಯವಾದ ತಕರಾರೇ. ಮಿಲ್‌ಗ್ರಾಮ್ ಆಮೇಲೆ ಕೇಳಿದಾಗ ಪೂರ್ತಿ ನಂಬಿದ್ದೆವು ಎಂದವರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜನ ಮಾತ್ರ. ಹಾಗಾಗಿ ಆ ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗುವುದು ಬೇಡ. ಅದಕ್ಕೆ ಬದಲು ಒಂದು ನಿಜವಾದ ಆಸ್ಪತ್ರೆಯನ್ನು ನೋಡೋಣ.

1966ರಲ್ಲಿ ಹೋಫ್ಲಿಂಗ್ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನ. ರಾತ್ರಿ ವಾರ್ಡಿನಲ್ಲಿರುವ ನರ್ಸಿಗೆ ಒಂದು ಫೋನು ಬರುತ್ತದೆ. ಆಕೆ ಯಾವತ್ತೂ ನೋಡಿರದ 'ಡಾಕ್ಟರು' ಒಬ್ಬ ರೋಗಿಗೆ ಆಸ್ಟ್ರೋಟೆನ್ ಎಂಬ, ಆಕೆಗೆ ಗೊತ್ತೇ ಇಲ್ಲದ ಔಷಧವನ್ನು 20 ಮಿಲಿಗ್ರಾಂ ಕೊಡಿ ಅನ್ನುತ್ತಾರೆ. ದಿನಕ್ಕೆ 10 ಮಿಲಿಗ್ರಾಂ ದಾಟಬಾರದು ಎಂದು ಡಬ್ಬಿಯ ಮೇಲೇ ಬರೆದಿದೆ. ಫೋನಿನಲ್ಲಿ ಹೇಳಿದ ಔಷಧ ಕೊಡುವ ಹಾಗಿಲ್ಲ ಎಂಬ ನಿಯಮವೂ ಇದೆ. 22 ನರ್ಸುಗಳಲ್ಲಿ 21 ಜನ ಮಾತ್ರೆ ಎಣಿಸಿಕೊಂಡು ರೋಗಿಯ ಕಡೆಗೆ ಹೊರಟೇಬಿಟ್ಟರು. ದಾರಿಯಲ್ಲೇ ಅವರನ್ನು ತಡೆಯಲಾಯಿತು. ಮಾತ್ರೆಯಲ್ಲಿ ಇದ್ದದ್ದು ಬರೀ ಗ್ಲೂಕೋಸ್.

1977ರಲ್ಲಿ ಇದನ್ನೇ ಸ್ವಲ್ಪ ಬದಲಿಸಿ ಇನ್ನಿಬ್ಬರು ಮಾಡಿದರು. ಈ ಸಲ ಔಷಧ ನರ್ಸುಗಳಿಗೆ ಚೆನ್ನಾಗಿ ಗೊತ್ತಿದ್ದ ವೇಲಿಯಮ್. ಜೊತೆಯ ನರ್ಸುಗಳನ್ನು ಕೇಳಲು ಅವಕಾಶವಿತ್ತು. 18 ಜನರಲ್ಲಿ ಹೇಳಿದಷ್ಟನ್ನೂ ಕೊಡಲು ಹೊರಟವರು ಇಬ್ಬರೇ. ಮೊದಲಿನ 21 ಜನ ಕೆಟ್ಟವರು, ಈ 16 ಜನ ಒಳ್ಳೆಯವರು ಅಂತಲ್ಲ. ಇವರಿಗೆ ಆ ಔಷಧ ಗೊತ್ತಿತ್ತು, "ಏನೇ, ಇಷ್ಟು ಕೊಡ್ತಾರಾ?" ಎಂದು ಕೇಳಲು ಪಕ್ಕದಲ್ಲಿ ಒಬ್ಬಳಿದ್ದಳು. ಮಿಲ್‌ಗ್ರಾಮ್ ಕೋಣೆಯಲ್ಲೂ ಒಂದು ಸುತ್ತಿನಲ್ಲಿ, ಜೊತೆಗೆ ಕೂರಿಸಿದ್ದ ಇನ್ನಿಬ್ಬರು 'ಮೇಷ್ಟ್ರು' ಆಗಲ್ಲ ಎಂದು ಎದ್ದು ಹೋದಾಗ ಕೊನೆ ಮುಟ್ಟಿದವರು 40ರಲ್ಲಿ 4 ಜನ ಮಾತ್ರ.

ನಿಲ್ಲಿಸಿದವರು ಎಲ್ಲಿ ನಿಲ್ಲಿಸಿದರು ಎಂಬುದನ್ನೂ ಹೇಳಬೇಕು. ಆಮೇಲಿನ ಹಲವು ಸುತ್ತುಗಳಲ್ಲಿ ವಿದ್ಯಾರ್ಥಿ 150 ವೋಲ್ಟಿನಲ್ಲಿ ಮೊದಲ ಸಲ "ನನ್ನನ್ನು ಬಿಡಿ" ಅನ್ನುತ್ತಾನೆ. ಬೇರೆ ಯಾವ ಮೆಟ್ಟಿಲಿಗಿಂತಲೂ ಹೆಚ್ಚು ಜನ ಕೈ ಹಿಂದೆಗೆದದ್ದು ಅಲ್ಲೇ. ಅದನ್ನು ದಾಟಿದವರಲ್ಲಿ ಸುಮಾರು ಐದರಲ್ಲಿ ನಾಲ್ವರು ತುದಿ ಮುಟ್ಟಿದರು. 165ರಲ್ಲಿ ನಿಲ್ಲಿಸಿದರೆ "ಹಾಗಾದರೆ 150 ಯಾಕೆ ಒತ್ತಿದೆ?" ಎಂಬ ಪ್ರಶ್ನೆ ಏಳುತ್ತದಲ್ಲ. ನಾನೂ ಆ ಬಿಲ್ಲಿನ ನಂತರ ಬಂದ ಇನ್ನೊಂದಕ್ಕೆ ಬೇಡ ಅನ್ನಲು ಇದೇ ಕಾರಣಕ್ಕೆ ಒದ್ದಾಡಿದೆ.

ಹೋದ ವಾರ ಔಷಧಿ ಗೋದಾಮಿನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಕ್ಲಾಸು ಮುಗಿದ ಮೇಲೆ ನಿಂತ. ಅವಧಿ ಮುಗಿಯುತ್ತಾ ಬಂದ ಸರಕನ್ನು ಮುಂದೆ ಕಳಿಸು, ನಾನು ನೋಡಿಕೊಳ್ಳುತ್ತೇನೆ ಎಂದು ಸೂಪರ್‌ವೈಸರ್ ಬಾಯಲ್ಲಿ ಹೇಳಿದ್ದಾರಂತೆ. "ಎಷ್ಟು ಸಲ ಕಳಿಸಿದ್ದೀಯಪ್ಪ?" ಎಂದೆ. "ಇನ್ನೂ ಇಲ್ಲ ಮೇಡಂ." ಹಾಗಾದರೆ ನಾಳೆಯೇ ಕೇಳು, ಒಬ್ಬನೇ ಹೋಗಬೇಡ, ಜೊತೆಗಾರನೊಬ್ಬನನ್ನು ಕರೆದುಕೊಂಡು ಹೋಗು, ಬಾಯಲ್ಲಿ ಹೇಳಿದ್ದನ್ನು ಬರೆದುಕೊಡಿ ಅನ್ನು ಎಂದೆ.

ಸೋಮವಾರ ಬಂದು ಹೇಳಿದ: "ಬರೆದುಕೊಡಿ ಅಂದಿದ್ದಕ್ಕೆ, ಇರಲಿ ಬಿಡು, ಪಕ್ಕಕ್ಕೆ ಇಡು ಅಂದ್ರು."